ಮುಖ ಕಲಿತ ಫೈಲು

ಶಹಾಬಾದಿನ ಸ್ಟುಡಿಯೋದಲ್ಲಿ ಸೀರೆ ಜಾಹೀರಾತಿನ ಕೆಲಸ ಮುಗಿದಿತ್ತು. ಮಾತು ಕೊಟ್ಟಂತೆ ಮಾಲೀಕ ಮತೀನ, ಸೀರೆಯುಟ್ಟು ಫೋಟೋ ತೆಗೆಸಿಕೊಂಡಿದ್ದ ಜಗದೇವಿಯ ಎದುರೇ ಅವಳ ಫೋಟೋಗಳನ್ನೆಲ್ಲ ಅಳಿಸಿ ರಿಸೈಕಲ್ ಬಿನ್ ಖಾಲಿ ಮಾಡಿದ.

"ನೋಡ್ರಿ ಅಕ್ಕಾ, ಇನ್ನ ನಿಮ್ಮ ಮಾರಿ ನಿಮ್ಮ ಮನಿ ಕನ್ನಡಿಯಾಗಷ್ಟೇ."

ಕಂಪ್ಯೂಟರ್ ಕೆಲಸದ ಮಹೆವಿಶಳಿಗೆ ನಗು ಬರಲಿಲ್ಲ. ಆ ಫೋಟೋಗಳಿಂದ ಎಐ ಜಗದೇವಿಯ ಮುಖ ಕಲಿತು ಮಾಡಿಕೊಂಡ 'ಅಡಾಪ್ಟರ್' ಎಂಬ ಸಣ್ಣ ಫೈಲು ಬೇರೆ ಫೋಲ್ಡರಿನಲ್ಲಿತ್ತು.

"ಭಯ್ಯಾ, ಇದೂ ಅಳಿಸಬೇಕ್ರಿ."

"ಅದರಾಗ ಫೋಟೋ ಎಲ್ಲಿ ಅವ, ಹುಚ್ಚಿ?"

ಮಹೆವಿಶ ಅದನ್ನು ಎಐ ಮಾಡೆಲ್ಲಿಗೆ ಜೋಡಿಸಿ, ಹೊಸ ಚಿತ್ರ ಬೇಕೆಂದು ಒಂದು ಸಾಲು ಟೈಪಿಸಿದಳು. ತೆರೆಯ ಮೇಲೆ ಜಗದೇವಿ ಎಂದೂ ಉಡದ ಸೀರೆಯುಟ್ಟು, ಎಂದೂ ಕಾಣದ ಮನೆಯಲ್ಲಿ ನಿಂತು ನಗುತ್ತಿದ್ದಳು.

ಮತೀನ ಅದನ್ನೂ ಅಳಿಸಿದ.

"ಮತ್ತೆಲ್ಲೆರ ಅದ ಏನು, ತಮ್ಮಾ?" ಜಗದೇವಿ ಕೇಳಿದಳು.

ಅವನು ತಡವರಿಸುತ್ತ, ಜಾಹೀರಾತಿನ ಜೊತೆ ಆ ಫೈಲನ್ನೂ ಪೆನ್‌ಡ್ರೈವಿನಲ್ಲಿ ಒಯ್ದಿದ್ದ ಸೇಡಂನ ಸೀರೆ ಅಂಗಡಿಗೆ ಫೋನ್ ಹಚ್ಚಿ ಕೇಳಿದ. ಸ್ಪೀಕರಿನಲ್ಲಿ ಅಂಗಡಿಯವನ ಖುಷಿಯ ದನಿ ಕೇಳಿಸಿತು.

"ಆ ಫೈಲಾ? ಭಾಳ ಛಲೋ ಅದರಿ. ಚಿಂಚೋಳಿ, ಚಿತ್ತಾಪುರದ ಅಂಗಡಿಯವರಿಗೂ ಕಳಿಸೀವಿ."