ಮುಖ ಒಳಗಿಟ್ಟು ಮಡಿಸಿದ ಬಟ್ಟೆ

ದೇವಿರಮ್ಮ ತಮ್ಮನ ಮಗಳ ಮದುವೆಗೆಂದು ನರಸೀಪುರದ ಬಸ್ಸು ಹತ್ತಿದ ಮಾರನೆಯ ದಿನದಿಂದಲೇ, ಬಟ್ಟೆಗಳೆಲ್ಲ ಸೇರಿಕೊಂಡು ತನ್ನ ಮೇಲೆ ಹಗೆ ಸಾಧಿಸುತ್ತಿವೆ ಎಂದು ಅವಳ ಗಂಡ, ದರ್ಜಿ ಚೆಲುವರಾಜುವಿಗೆ ಅನ್ನಿಸತೊಡಗಿತು. ತಪ್ಪು ತನ್ನದಿರಬಹುದೆಂಬ ಯೋಚನೆ ಅವನ ಹತ್ತಿರ ಸುಳಿಯಲಿಲ್ಲ. ಸುಳಿದಿದ್ದರೂ ಅದಕ್ಕೆ ಕೂರಲು ಅವನು ಜಾಗ ಕೊಡುವವನಲ್ಲ.

ಕನ್ನಡದ ಸೀಮೆಗಳೆಲ್ಲ ಒಂದಾದ ಮಾರನೆಯ ಬೇಸಿಗೆ ಅದು. ದೇವರಾಜ ಮೊಹಲ್ಲಾದಲ್ಲಿ ರುದ್ರಸ್ವಾಮಿಯವರ ಜವಳಿ ಅಂಗಡಿ, ಅಂಗಡಿಯ ಜಗಲಿಯ ಮೇಲೆ ಚೆಲುವರಾಜುವಿನ ಮಿಷನ್ನು. ಒಳಗೆ ಬಟ್ಟೆ ಕೊಂಡವರು ಹೊರಗೆ ಅಳತೆ ಕೊಟ್ಟು ಹೋಗುತ್ತಿದ್ದರು. ಅವನ ಅನ್ನವೆಲ್ಲ ಆ ಜಗಲಿಯದೇ. ಈಗ ಸಾಹುಕಾರರು ಸ್ವಂತ ಮಗ ಪ್ರಭುಸ್ವಾಮಿಯ ಮದುವೆಗೆ ನಾಲ್ಕು ಬಗೆಯ ಬಟ್ಟೆ ಕೊಟ್ಟಿದ್ದರು. ಪ್ಯಾಂಟಿಗೆ ಕಂದು ಟ್ವಿಲ್, ಧಾರೆಯ ದಿನಕ್ಕೆ ಬಿಳಿ ಪಾಪ್ಲಿನ್ ಷರಟು, ಬೀಗರ ಮನೆಗೆ ನೀಲಿ ಶಾಂಬ್ರೆ, ಸೆಕೆಗೆ ಪಟ್ಟೆಪಟ್ಟೆಯ ಸೀರ್‌ಸಕ್ಕರ್ ಬುಷ್‌ಷರಟು.

ಹೊಸ ಬಟ್ಟೆಯನ್ನು ನೀರಲ್ಲಿ ನೆನೆಸಿ, ಕುಗ್ಗುವಷ್ಟು ಕುಗ್ಗಿಸಿ, ಒಣಗಿಸಿ, ಇಸ್ತ್ರಿ ಮಾಡಿ ಮಡಿಸಿಕೊಟ್ಟ ಮೇಲೆಯೇ ಕತ್ತರಿ. ಆ ಕೆಲಸ ಮೊದಲಿಂದಲೂ ಮನೆಯಲ್ಲಿ ದೇವಿರಮ್ಮನದು. ಚೆಲುವರಾಜುವಿನ ಲೆಕ್ಕದಲ್ಲಿ ಅದು ಕೆಲಸವೇ ಅಲ್ಲ. “ನೀರಿಗಾಕಿ ತೆಗೆಯಕ್ಕೆ ಏನ್ ಮಹಾ ವಿದ್ಯೆ ಬೇಕು? ನೀನು ಹೋಗು, ಮದುವೆ ಮುಗಿಸ್ಕೊಂಡೇ ಬಾ” ಎಂದು ಅವನೇ ಹೊರಡಿಸಿದ್ದ. ಅವಳು ಮಾತ್ರ ಬಾಗಿಲಲ್ಲಿ ನಿಂತು, “ಈ ಬಟ್ಟೆ ಆಗೋಗ್ಲಿ, ಆಮೇಲೆ ಹೋಯ್ತೀನಿ ಕಣ್ರೀ” ಎಂದು ರಾಗ ಎಳೆದಿದ್ದಳು.

ಮೊದಲು ಕೈ ಕೊಟ್ಟದ್ದು ಸೀರ್‌ಸಕ್ಕರ್. ಒಣಗಿದ ಬಟ್ಟೆಯ ಮೇಲೆ ಒಂದು ಪಟ್ಟೆ ಮಟ್ಟಸ, ಪಕ್ಕದ್ದು ಹಪ್ಪಳದಂತೆ ಗುಳ್ಳೆಗುಳ್ಳೆ. ದೇವಿರಮ್ಮ ಇಂಥ ಬಟ್ಟೆಯನ್ನು ಯಾವತ್ತೂ ಇಸ್ತ್ರಿ ಮಾಡಿಕೊಟ್ಟವಳಲ್ಲ, ಮೈಗಳ್ಳತನ ಎಂದುಕೊಂಡಿದ್ದ. ತಾನಾದರೂ ನೆಟ್ಟಗೆ ಮಾಡೋಣವೆಂದು ಇದ್ದಿಲ ಪೆಟ್ಟಿಗೆ ಕಾಯಿಸಿ ಒತ್ತಿದ. ಗುಳ್ಳೆಗಳು ಹೋಗುವ ಬದಲು ಅಡ್ಡಾದಿಡ್ಡಿ ನಿರಿಗೆಗಳಾಗಿ ಕೂತವು. ನೀರು ಚಿಮುಕಿಸಿದರೆ ಮತ್ತೆ ಗುಳ್ಳೆ, ಒತ್ತಿದರೆ ಮತ್ತೆ ನಿರಿಗೆ. ಕೊನೆಗೆ ಸಿಟ್ಟಿನಿಂದ ನೀರಿನ ತೊಟ್ಟಿಗೆ ಎಸೆದ. ಹಿಂಡದೆ ಹಗ್ಗದ ಮೇಲೆ ಹಾಕಿದ್ದು, ಒಣಗಿದಾಗ ಏನೂ ಆಗಿಯೇ ಇಲ್ಲವೇನೋ ಎಂಬಂತೆ ಮೊದಲಿನ ಹಾಗೇ ಆಗಿತ್ತು. ಆ ಗುಳ್ಳೆ ನೇಯ್ಗೆಯಲ್ಲೇ ಇರುವುದೆಂದು ತಿಳಿಯದೆ, ಇದೇನು ಮಾಯೆಯೋ ಎಂದುಕೊಂಡ.

ಪಾಪ್ಲಿನ್ನಿನದು ಇನ್ನೊಂದು ಕತೆ. ತೆಳ್ಳಗಿದೆ, ಬೇಗ ಒಣಗೀತು ಎಂದು ಅವನು ಅದನ್ನು ಬಿಸಿಲಲ್ಲೇ ಬಿಟ್ಟು ಕಾಫಿ ಕುಡಿಯಲು ಹೋದ. ಬರುವಷ್ಟರಲ್ಲಿ ಗರಿಗರಿಯಾಗಿ ಒಣಗಿ, ಬಿದ್ದ ಸುಕ್ಕೆಲ್ಲ ಗಟ್ಟಿಯಾಗಿತ್ತು. ಪೆಟ್ಟಿಗೆ ಎಷ್ಟು ಉಜ್ಜಿದರೂ ಜಪ್ಪಯ್ಯ ಅನ್ನಲಿಲ್ಲ. ಇನ್ನೂ ತೇವ ಇರುವಾಗಲೇ ದೇವಿರಮ್ಮ ಅದನ್ನು ಸುರುಳಿ ಸುತ್ತಿಟ್ಟುಕೊಂಡು ಚೆನ್ನಾಗಿ ಕಾದ ಪೆಟ್ಟಿಗೆ ಎಳೆಯುತ್ತಿದ್ದುದು ಆಮೇಲೆ ನೆನಪಾಯಿತು. ಪೂರ್ತಿ ಒದ್ದೆ ಮಾಡಿ ಮೊದಲಿಂದ ಶುರುಮಾಡಿದ.

ಶಾಂಬ್ರೆ ಒಂದೇ ಅವನ ಮಾನ ಉಳಿಸಿದ್ದು. ಉದ್ದದ ನೂಲು ನೀಲಿ, ಅಡ್ಡದ್ದು ಬಿಳಿ. ಹೇಗೆ ತಿರುಗಿಸಿದರೂ ಎರಡೂ ಕಡೆ ಒಂದೇ. ಒಗೆದಷ್ಟೂ ಮೆತ್ತಗಾಗುವ ಸಾಧು ಪ್ರಾಣಿ. ಷರಟು ನೋಡಿ ರುದ್ರಸ್ವಾಮಿಯವರು ತಲೆದೂಗಿದರು. ಚೆಲುವರಾಜುವಿಗೆ ಧೈರ್ಯ ಬಂತು.

ಆ ಧೈರ್ಯದಲ್ಲೇ ಟ್ವಿಲ್ಲಿಗೆ ಕೈ ಹಾಕಿದ. ಎರಡು ತುಂಡು ಬಂದಿತ್ತು, ಒಂದರಲ್ಲಿ ಮುಂಭಾಗ, ಇನ್ನೊಂದರಲ್ಲಿ ಹಿಂಭಾಗ. ನೆನೆಸಿದ, ಒಣಗಿಸಿದ, ಎರಡು ಪದರವಾಗಿ ಮಡಿಸಿದ, ಮೇಲೆ ಕಂಡ ಮೈಗೆ ಸೀಮೆಸುಣ್ಣದ ಗೆರೆ ಎಳೆದ, ಕತ್ತರಿಸಿದ. ಗೆರೆ ಇರುವ ಮೈ ಒಳಕ್ಕೆ ಬರುವಂತೆ ಹೊಲಿದ. ಇಷ್ಟು ವರ್ಷ ಮಾಡಿಕೊಂಡು ಬಂದದ್ದು ಹೀಗೆಯೇ. ಕೊನೆಯಲ್ಲಿ ಮುಂಭಾಗಕ್ಕೆ ಕಾದ ಪೆಟ್ಟಿಗೆಯನ್ನು ಎರಡು ಸಲ ಒತ್ತಿ ಕೂರಿಸಿ ಕೊಟ್ಟ.

ಸಾಯಂಕಾಲ ರುದ್ರಸ್ವಾಮಿಯವರು ಪ್ಯಾಂಟನ್ನು ಹಿಡಿದುಕೊಂಡು ಜಗಲಿಗೆ ಬಂದರು.

“ಏನಯ್ಯಾ ಇದು ಚೆಲುವರಾಜು? ಮುಂದೆ ಒಂದು ಬಟ್ಟೆ, ಹಿಂದೆ ಒಂದು ಬಟ್ಟೆ. ನನ್ನ ಮಗ ಏನ್ ನಾಟಕದಲ್ಲಿ ವೇಷ ಹಾಕ್ತಾನಾ?”

“ಎರಡೂ ಒಂದೇ ಥಾನಿನ ಬಟ್ಟೆ ಸಾವ್ಕಾರ್ರೇ. ನೀವೇ ಕೊಟ್ಟಿದ್ದು.”

“ನೋಡಯ್ಯಾ, ಮುಂದೆ ಮಿರಮಿರ ಅಂತದೆ, ಹಿಂದೆ ಬೂದಿ ಬಳಿದಂಗೈತೆ.”

ಚೆಲುವರಾಜು ಬೆಳಕಿಗೆ ಹಿಡಿದು ನೋಡಿದ. ಹತ್ತಿರಕ್ಕೆ ತಂದ, ದೂರಕ್ಕೆ ಹಿಡಿದ. ಕಂದು ಬಣ್ಣ ಕಂಡಿತು. ಮುಂದೆಯೂ ಕಂದು, ಹಿಂದೆಯೂ ಕಂದು. ಸಾಹುಕಾರರಿಗೆ ಏನು ಕಾಣುತ್ತಿದೆ, ತನಗೇಕೆ ಕಾಣುತ್ತಿಲ್ಲ?

“ನಾಳೆ ಬೆಳಗ್ಗೆ ಸರಿಯಾಗಿರಬೇಕು. ಇಲ್ದಿದ್ರೆ ಆ ದರ್ಜಿ ಗೋವಿಂದರಾಜು ಜಗಲಿ ಕೇಳ್ತಾನೇ ಇದಾನೆ, ಅವನನ್ನೇ ಕೂರಿಸ್ತೀನಿ” ಎಂದು ಅವರು ಒಳಗೆ ಹೋದರು.

ಮನೆಗೆ ಬಂದರೆ ದೇವಿರಮ್ಮ ಆಗ ತಾನೇ ಬಸ್ಸಿಳಿದು ಬಂದು ಒಲೆ ಹಚ್ಚುತ್ತಿದ್ದಳು. ಮದುವೆಯ ಸುದ್ದಿ ಕೇಳುವ ತಾಳ್ಮೆ ಅವನಿಗಿರಲಿಲ್ಲ. “ಮಿಲ್ಲೋರು ಮೋಸ ಮಾಡವ್ರೆ ಕಣೇ” ಎಂದು ಪ್ಯಾಂಟನ್ನು ಅವಳ ಮಡಿಲಿಗೆ ಹಾಕಿದ.

ಅವಳು ಕೈ ಒರೆಸಿಕೊಂಡು ಮುಂಭಾಗದ ಮೇಲೆ ಹೆಬ್ಬೆರಳು ಎಳೆದಳು. ಹಿಂಭಾಗದ ಮೇಲೂ ಎಳೆದಳು.

“ಹಿಂದ್ಗಡೆ ಬಟ್ಟೆ ತಿರುವುಮುರುವಾಗೈತೆ. ಟ್ವಿಲ್ಲಿಗೆ ಮುಖದ ಕಡೆ ಮಾತ್ರ ಓರೆ ಗೆರೆ ಎದ್ದಿರ್ತದೆ, ಬೆನ್ನು ಸಪಾಟು. ನೀವು ಮುಂದಿನ ತುಂಡನ್ನ ಮುಖ ಒಳಗೆ ಮಾಡಿ ಮಡಿಸೀರಿ, ಹಿಂದಿಂದನ್ನ ಮುಖ ಆಚೆಗೆ. ಜೊತೆಗೆ ಮುಖದ ಮೇಲೇ ಬಿಸಿ ಪೆಟ್ಟಿಗೆ ಒತ್ತೀರಿ, ಗೆರೆ ಹೊಳೀತದೆ.”

“ನಾನು ಯಾವತ್ತೂ ಮೇಲಿನ ಮೈಗೇ ಸುಣ್ಣದ ಗೆರೆ ಹಾಕೋದು. ಇಷ್ಟು ವರ್ಷ ಆಗದ್ದು ಇವತ್ತೆಂಗಾಯ್ತು?”

ಅವಳು ಪ್ಯಾಂಟನ್ನು ಮಡಿಲಲ್ಲಿ ನೇರ ಮಾಡಿಕೊಂಡಳು. ಆಮೇಲೆ ತಲೆ ಎತ್ತದೆ ಹೇಳಿದಳು, “ನಿಮ್ಗೆ ಆ ಓರೆ ಗೆರೆ ಕಾಣಾಕಿಲ್ಲ ಅಂತ ನಂಗೊತ್ತಿತ್ತು ಕಣ್ರೀ. ಅದಕ್ಕೇ ನಾನು ಯಾವಾಗ್ಲೂ ಮುಖ ಒಳಗಿಟ್ಟೇ ಮಡಿಸಿ ಕೊಡ್ತಿದ್ದೆ. ನೀವು ಮೇಲಿನ ಮೈಗೆ ಸುಣ್ಣದ ಗೆರೆ ಹಾಕುದ್ರೆ ಸರಿಯಾಗೇ ಬರೋದು.”

“ಯಾವಾಗಿಂದ?”

“ನಮ್ಮವ್ವ ಮಲಗಿದ್ಲಲ್ಲ, ಅದಕ್ಕೂ ಮುಂಚಿಂದ.”

ಚೆಲುವರಾಜು ಹೊಸ್ತಿಲ ಮೇಲೆಯೇ ಕೂತ. ಅವಳ ತಾಯಿ ನರಸೀಪುರದಲ್ಲಿ ಹಾಸಿಗೆ ಹಿಡಿದಾಗ ದೇವಿರಮ್ಮ ಹೋಗಿ ಒಂದು ರಾತ್ರಿ ಇದ್ದು ಓಡಿ ಬಂದಿದ್ದಳು. ಆ ವಾರವೇ ಮುದುಕಿ ತೀರಿಕೊಂಡಿತ್ತು. ಹೆತ್ತ ತಾಯಿಯ ಬಾಯಿಗೆ ನೀರು ಬಿಡಲೂ ನಿಲ್ಲದ ಕಲ್ಲು ಮನಸ್ಸಿನವಳು ಎಂದು ಅವನೇ ಬೀದಿಯಲ್ಲೆಲ್ಲ ಆಡಿಕೊಂಡಿದ್ದ. ಅವಳು ಒಂದು ಮಾತೂ ಎದುರಾಡಿರಲಿಲ್ಲ.

“ಅವತ್ತು ಯಾಕೆ ಬಂದ್ಬುಟ್ಟೆ?” ಎಂದ. ಉತ್ತರ ಗೊತ್ತಿದ್ದೂ ಕೇಳಿದ್ದ.

“ಇಸ್ಕೂಲ್ ಮೇಷ್ಟ್ರ ಕೋಟಿನ ಟ್ವಿಲ್ಲು ನೀರಲ್ಲಿತ್ತು” ಎಂದಳು ದೇವಿರಮ್ಮ.

ಅವನಿಗೆ ನಾಚಿಕೆಯಾಯಿತು. ಅಳುವೂ ಬಂತು. ಅವಳು ನೋಡಿಯೂ ನೋಡದವಳಂತೆ ಹೊಲಿಗೆ ಬಿಚ್ಚತೊಡಗಿದಳು. “ಹಿಂಜೇಬು ಇಲ್ಲ, ಬಚಾವು. ಹಿಂದಿನ ಎರಡು ತುಂಡನ್ನೂ ಮಗುಚಿದ್ರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬತ್ತದೆ. ಬಟ್ಟೆ ಏನೂ ಹಾಳಾಗಿಲ್ಲ” ಎಂದಳು. ಅವನು ಮತ್ತೆ ಹೊಲಿದ. ಅವಳು ಹೊಳೆಯುತ್ತಿದ್ದ ಮುಂಭಾಗದ ಮೇಲೆ ಒದ್ದೆ ಬಟ್ಟೆ ಹಾಸಿ ಪೆಟ್ಟಿಗೆ ಇಟ್ಟು ಹಬೆ ಕುಡಿಸಿದಳು. ಹೊಳಪು ಬಹುಮಟ್ಟಿಗೆ ಇಳಿಯಿತು.

ಬೆಳಗ್ಗೆ ರುದ್ರಸ್ವಾಮಿಯವರು ಪ್ಯಾಂಟನ್ನು ಮುಂದೆ ಹಿಂದೆ ತಿರುಗಿಸಿ ನೋಡಿ ಹೂಂಗುಟ್ಟಿದರು. ಅಳಿಯನ ಸೂಟಿಗೆಂದು ಹೊಸ ಟ್ವಿಲ್ ಚಾಚಿದರು. ಚೆಲುವರಾಜು ಕೈ ನೀಡಲಿಲ್ಲ. ಜಗಲಿಯ ಕೆಳಗೆ, ಯಾಕೆ ಕರೆತಂದಿದ್ದಾನೆಂದು ತಿಳಿಯದೆ ಸೆರಗು ಹಿಡಿದು ನಿಂತಿದ್ದ ಹೆಂಡತಿಯ ಕಡೆ ತಿರುಗಿದ.

“ನಂಗೆ ಕಣ್ಣು ಕಾಣಾಕಿಲ್ಲ ಸಾವ್ಕಾರ್ರೇ. ಇಷ್ಟು ದಿನ ನೋಡಿದ್ದು ಅವಳು” ಎಂದ. “ಜಗಲಿ ಯಾರಿಗೆ ಕೊಡ್ತೀರೋ ನಿಮಗೆ ಬಿಟ್ಟಿದ್ದು. ಬಟ್ಟೆ ನನಗೇ ಕೊಡೋದಾದ್ರೆ ಅವಳ ಕೈಗೆ ಕೊಡಿ.”

ರುದ್ರಸ್ವಾಮಿಯವರು ಅವನ ಮುಖ ನೋಡಿದರು, ಪ್ಯಾಂಟನ್ನು ನೋಡಿದರು. ಆಮೇಲೆ ಎರಡು ಮೆಟ್ಟಿಲು ಇಳಿದು ಹೋಗಿ ಬಟ್ಟೆಯನ್ನು ದೇವಿರಮ್ಮನ ಕೈಗೆ ಕೊಟ್ಟರು.