ಏಳು ಶಾಲಿನ ಸ್ಲೈಡುಗಳು

ಬೆಳಿಗ್ಗೆ ಹತ್ತಕ್ಕೆ ನಮ್ಮ ಮ್ಯಾನೇಜರ್ ದಾನೇಶ್ವರಿ ಅಕ್ಕ ಆಫೀಸಿನ ಗ್ರೂಪಿಗೆ ಲಿಂಕ್ ಹಾಕಿದರು. 'ಸ್ಲೈಡ್ ಹಾಕೇನಿ. ಹೆಂಗಾಗೇತಿ ನೋಡಿ ಹೇಳ್ರಿ.' ಅಷ್ಟೇ.

ಹನ್ನೆರಡಕ್ಕೆ ಪುಣೆಯ ಉಪ್ಪಿನಕಾಯಿ ಕಂಪನಿಯವರಿಗೆ ಅವನ್ನು ಆನ್‌ಲೈನಿನಲ್ಲಿ ತೋರಿಸಬೇಕು. ಅವರು ಒಪ್ಪಿದರೆ ಇಂಡಿ ತಾಲ್ಲೂಕಿನ ನಮ್ಮ ಲಿಂಬೆ ಬೆಳೆಗಾರರ ಸಂಘಕ್ಕೆ ಮೊದಲ ನೇರ ಖರೀದಿದಾರ ಸಿಕ್ಕಂತೆ.

'ಹಸಿರು ಭಾಳಾತು' ಎಂದು ಅಮಿತ ಕಮೆಂಟ್ ಹಾಕಿದ. 'ಅಕ್ಷರ ಸಣ್ಣವು' ಎಂದರು ಲೆಕ್ಕದ ಜೈನುದ್ದೀನ ಸರ್. ನಾನೂ ಬಣ್ಣದ ಬಗ್ಗೆ ಬರೆದೆ, ಅಳಿಸಿದೆ. ಬಣ್ಣ ನೋಡಲೇ, ಅಂಕಿಸಂಖ್ಯೆ ನೋಡಲೇ, ಸ್ಲೈಡುಗಳ ಸಾಲು ನೋಡಲೇ? ಬಾಯಿಬಿಟ್ಟು ಕೇಳಲಾರದೆ ಅಕ್ಕನಿಗೆ ಬೇರೆ ಮೆಸೇಜ್ ಹಾಕಿದೆ: 'ಎಷ್ಟು ನಿಮಿಷ ಕೊಟ್ಟಾರ್ರಿ?'

'ಹತ್ತು. ಯಾಕ?'

ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಯಾರೊಂದಿಗೋ ಮಾತಾಡುವವಳಂತೆ ನಟಿಸುತ್ತ, ಮೊಬೈಲಿನಲ್ಲಿ ಟೈಮರ್ ಹಚ್ಚಿ, ಸ್ಲೈಡುಗಳನ್ನು ಪಿಸುಗುಟ್ಟುತ್ತ ಓದಿದೆ. ಅಂಕಿಗಳು ಸರಿಯಿದ್ದವು. ಆದರೆ ಮೊದಲ ಏಳು ಸ್ಲೈಡುಗಳಲ್ಲಿ ಸಂಘದ ಏಳು ನಿರ್ದೇಶಕರು, ಶಾಲು ಹೊದ್ದು, ಹಾರ ಹಾಕಿಕೊಂಡು. ಲಿಂಬೆ ಬರುವಷ್ಟರಲ್ಲಿ ಆರು ನಿಮಿಷ ಮುಗಿದಿತ್ತು.

ತಡಮಾಡದೆ ಗ್ರೂಪಿನಲ್ಲಿ ಬರೆದೆ: 'ಬಣ್ಣ, ಅಕ್ಷರ ಆಮ್ಯಾಲ ನೋಡೂಣ್ರಿ. ಈಗ ಸಾಲು ಬದಲಾಗಬೇಕು. ಎಂಟನೇದು ಮೊದಲ ಬರಲಿ, ಹಿರಿಯರು ಕೊನಿಗೆ.'

ಎದುರಿನ ಕುರ್ಚಿಯಲ್ಲಿದ್ದ ಅಧ್ಯಕ್ಷ ಮಡಿವಾಳಪ್ಪ ಕಾಕಾ ಮೊಬೈಲಿನಿಂದ ತಲೆ ಎತ್ತಿದರು.

"ಕೋಮಲಾ, ನಮ್ಮನ್ನ ಹಿಂದಿನ ಸಾಲಿಗೆ ಕಳಸ್ತೀಯೇನವಾ?"

ಎಲ್ಲರೂ ನನ್ನತ್ತ ತಿರುಗಿದರು. ಮೊಬೈಲ್ ಕೆಳಗಿಟ್ಟು ಹೇಳಿಯೇಬಿಟ್ಟೆ. "ಕಾಕಾ, ನಿಮ್ಮ ಮೊಮ್ಮಗಳ ಮದುವ್ಯಾಗ ಸತ್ಕಾರ ಮುಗಿಯೂದ್ರಾಗ ಮುಹೂರ್ತ ಮೀರಿತ್ತಲ್ರಿ. ಅಕ್ಕಿಕಾಳು ಮೊದಲ ಬೀಳಲಿ. ಶಾಲು ಎಲ್ಲಿಗೂ ಹೋಗೂದಿಲ್ಲ."

ಜೈನುದ್ದೀನ ಸರ್ ಚಹಾ ನೆತ್ತಿಗೇರಿ ಕೆಮ್ಮಿದರು. "ಕಡೀಕ ಸ್ವಾಮಿಗೋಳ ಮೈಕ್ ಕಸ್ಕೊಂಡು ಸತ್ಕಾರ ನಿಲ್ಲಿಸಿದ್ರು ನೋಡ್ರಿ ಅವತ್ತ."

"ನೀ ಸುಮ್ನಿರೋ ಮಾರಾಯಾ," ಎಂದ ಕಾಕಾ ತಾವೇ ನಕ್ಕುಬಿಟ್ಟರು. "ತಗಿ, ಹಿಂದ ಹಾಕು. ಯಾರ್ನೂ ಬಿಡಬ್ಯಾಡ ಮತ್ತ."

ಅಕ್ಕ ತಲೆಯಾಡಿಸಿದೊಡನೆ ಹಳೆಯದರ ಒಂದು ಪ್ರತಿ ತೆಗೆದಿಟ್ಟು, ಏಳನ್ನೂ ಒಟ್ಟಿಗೆ ಹಿಡಿದು ಕೊನೆಗೆ ಎಳೆದೆ. ಹನ್ನೆರಡಕ್ಕೆ ಐದು ನಿಮಿಷ ಬಾಕಿ.

ಅಕ್ಕ ಶುರುಮಾಡಿದ್ದೇ ತಿಂಗಳವಾರು ಲಿಂಬೆಯ ಪಟ್ಟಿಯಿಂದ. ಮೂರನೇ ನಿಮಿಷಕ್ಕೆ ಪುಣೆಯ ಹೆಣ್ಣುಮಗಳು ತಡೆದು ಏಪ್ರಿಲಿನಲ್ಲಿ ಎಷ್ಟು ಟನ್ ಕೊಡಬಲ್ಲಿರಿ ಎಂದು ಹಿಂದಿಯಲ್ಲಿ ಕೇಳಿದಳು. ಹತ್ತು ನಿಮಿಷ ಇಪ್ಪತ್ತೈದಾಯಿತು. ಸೋಮವಾರವೇ ಮಾದರಿ ಹಣ್ಣು ಕಳಿಸಿ, ಒಪ್ಪಿಗೆಯಾದರೆ ಮೊದಲ ಲಾರಿಯ ಮಾತು ಎಂದಳು. ಮೇಜಿನ ಕೆಳಗೆ ಅಕ್ಕ ನನ್ನ ಕೈ ನೋಯುವಷ್ಟು ಹಿಡಿದಿದ್ದರು.

ಕೊನೆಗೆ ಶಾಲಿನ ಸ್ಲೈಡುಗಳು ಬಂದವು. "ಇವರಲ್ಲಿ ತೋಟ ತೋರಿಸುವವರು ಯಾರು?" ಎಂದು ಆಕೆ ಕೇಳಿದಳು.

ಕಾಕಾ ಟೋಪಿ ಸರಿಮಾಡಿಕೊಂಡು, ಕುರ್ಚಿಯನ್ನು ಕ್ಯಾಮೆರಾದ ಮುಂದಕ್ಕೆ ಎಳೆದುಕೊಂಡರು.