ಹಾಳೆಯ ಕೆಳಗಿನ ಅರ್ಧ

ಸಭಾಭವನದ ಕರೆಂಟು ನಂಬಿಕೆಗೆ ಅರ್ಹವಲ್ಲ ಅಂತ ಕೆಮಿಸ್ಟ್ ಮೇಡಂಗೆ ಚೆನ್ನಾಗಿ ಗೊತ್ತಿತ್ತು. ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ಕೂತು ಎಲ್ಲರ ಮನೆಯ ನಲ್ಲಿಯ ನೀರನ್ನೂ ಪರೀಕ್ಷೆ ಮಾಡುವ ಹೆಂಗಸು ಅವಳು. ಅನುಮಾನವೇ ಅವಳ ಉದ್ಯೋಗ. ಆದ್ದರಿಂದ ಕೆಳಬೀದಿಯ ಜನರ ಮುಂದೆ ಮಾತಾಡಬೇಕು ಅಂತ ಆದೇಶ ಬಂದ ದಿನವೇ, ಪ್ರೊಜೆಕ್ಟರ್ ಕೈಕೊಟ್ಟರೆ ಏನು, ಮೈಕು ಸತ್ತರೆ ಏನು ಅಂತ ಲೆಕ್ಕ ಹಾಕಲು ಶುರುಮಾಡಿದಳು.

ಪಾಠ ಒಪ್ಪಿಸುವ ಹಾಗೆ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ. ಹಾಗಾಗಿ ಕಂಪ್ಯೂಟರಿನಲ್ಲಿ ಪ್ರತಿ ಸ್ಲೈಡಿನ ಕೆಳಗೆ ಟಿಪ್ಪಣಿ ಬರೆಯಲು ಇರುವ ಜಾಗದಲ್ಲಿ ತನಗೆ ತಾನೇ ಹೇಳಿಕೊಂಡ ಹಾಗೆ ಬರೆದಿಟ್ಟಳು. ಅದನ್ನು ದಪ್ಪ ಅಕ್ಷರದಲ್ಲಿ, ಒಂದು ಹಾಳೆಗೆ ಒಂದೇ ಸ್ಲೈಡ್, ಮೇಲೆ ಚಿತ್ರ ಕೆಳಗೆ ಮಾತು, ಮೂಲೆಯಲ್ಲಿ ಪುಟಸಂಖ್ಯೆ ಬರುವ ಹಾಗೆ ಮುದ್ರಿಸಿದಳು. ಹಾಳೆ ಕೈಜಾರಿ ಚೆಲ್ಲಾಪಿಲ್ಲಿಯಾದರೂ ಜೋಡಿಸಿಕೊಳ್ಳಬಹುದು, ಕಿಟಕಿ ಬೆಳಕಿನಲ್ಲೂ ಓದಬಹುದು. ಕೊಳವೆಯ ನಕ್ಷೆಯನ್ನು ಬೇರೆಯಾಗಿ, ಗೋಡೆಗೆ ಅಂಟಿಸುವಷ್ಟು ದೊಡ್ಡ ಕಾಗದದಲ್ಲಿ ಕೈಯಾರೆ ಬರೆದಳು. ಕೆಂಪು, ಹಸಿರು ಗೆರೆಗಳು ದೂರದಿಂದ ಒಂದೇ ಥರ ಕಾಣುತ್ತವೆ ಅಂತ, ಬದಲಾಯಿಸಬೇಕಾದ ಹಳೆಯ ಕೊಳವೆಯದನ್ನು ತುಂಡು ತುಂಡು ಗೆರೆ ಮಾಡಿದಳು. ಸಮಯ ತೀರಾ ಕಡಿಮೆಯಾದರೆ ಯಾವ ಸ್ಲೈಡು ಬಿಡಬೇಕು, ಯಾವುದನ್ನು ಸತ್ತರೂ ಬಿಡಬಾರದು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಳು.

ಇಂಜಿನಿಯರ್ ಸಾಹೇಬರು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ ಮೂಗು ಮುರಿದರು. ವಿದ್ಯುತ್ ಕಚೇರಿಗೆ ತಾವೇ ಫೋನ್ ಮಾಡಿದ್ದಾಗಿದೆ, ಕರೆಂಟು ಹೋಗುವ ಪ್ರಶ್ನೆಯೇ ಇಲ್ಲ ಅಂದರು. ಅವರ ಚಿಂತೆ ಬೇರೆ. ಸ್ಲೈಡುಗಳನ್ನು ಒಂದೊಂದಾಗಿ ತಿದ್ದಿಸಿದ್ದವರು ಅವರೇ. ಅವಳು "ಕೊಳಚೆ ಸೇರಿದೆ" ಅಂತ ಬರೆದಿದ್ದಲ್ಲಿ "ಗುಣಮಟ್ಟದಲ್ಲಿ ಅಲ್ಪ ವ್ಯತ್ಯಾಸ" ಅಂತಾಗಿತ್ತು. "ಕುದಿಸದೆ ಕುಡಿಯಬೇಡಿ" ಅಂತಿದ್ದಲ್ಲಿ "ಮುನ್ನೆಚ್ಚರಿಕೆ ಅಪೇಕ್ಷಣೀಯ" ಅಂತ ಬಂದಿತ್ತು.

"ಜನ ಹೆದರ್ಕೊಂಡ್ರೆ ಮೊದಲು ನನ್ನ ಕುತ್ತಿಗೆಗೆ ಬರುತ್ತೆ," ಅಂದರು ಸಾಹೇಬರು. "ಆಮೇಲೆ ನಿಮ್ಮದಕ್ಕೆ. ಪರದೆ ಮೇಲೆ ಏನಿದೆಯೋ ಅಷ್ಟೇ ಓದಿ."

ಅವಳು ಆಗಲಿ ಅಂದಳು. ಟಿಪ್ಪಣಿಯನ್ನು ಮಾತ್ರ ತಿದ್ದಲಿಲ್ಲ. ಅದು ತನ್ನೊಬ್ಬಳ ಕಣ್ಣಿಗೆ ತಾನೇ, ಇರಲಿ ಅಂದುಕೊಂಡಳು.

ಕೆಳಬೀದಿಯಲ್ಲಿ ನೀರು ಹೊತ್ತು ಹೊತ್ತಿಗೆ ಮಾತ್ರ ಬರುತ್ತಿತ್ತು. ನೀರು ನಿಂತಾಗ ಕೊಳವೆಯೊಳಗೆ ಒತ್ತಡ ಇರುವುದಿಲ್ಲ. ಹಳೆಯ ಕೊಳವೆಯ ಬಿರುಕುಗಳು ಆಗ ಸುತ್ತಲಿನ ತೇವವನ್ನು ಒಳಗೆ ಹೀರುತ್ತವೆ, ಪಕ್ಕದಲ್ಲೇ ಚರಂಡಿ ಬೇರೆ. ಬೀದಿಯ ತುದಿ ಮುಟ್ಟುವ ಹೊತ್ತಿಗೆ ಕ್ಲೋರಿನ್ ಲವಲೇಶವೂ ಉಳಿದಿರುತ್ತಿರಲಿಲ್ಲ. ಬೀದಿ ಅಗೆದು ಕೊಳವೆ ಬದಲಾಯಿಸಬೇಕು, ಅಲ್ಲಿಯ ತನಕ ಜನ ನೀರು ಕುದಿಸಿ ಕುಡಿಯಬೇಕು. ಈ ಎರಡು ಮಾತಿಗೆ ಬೀದಿ ಒಪ್ಪಿದರೆ ಸಾಕಿತ್ತು. ಒಪ್ಪದಿದ್ದರೆ ಯಾವುದೋ ಮನೆಯ ಮಗು ಆಸ್ಪತ್ರೆ ಸೇರುವುದು ಖಂಡಿತ ಅಂತ ಅವಳಿಗೆ ಗೊತ್ತಿತ್ತು.

ಒಪ್ಪಗೊಡದೆ ನಿಂತಿದ್ದವನು ಬೀದಿಯ ಸಂಘದ ಅಧ್ಯಕ್ಷ. ಚಪ್ಪಲಿ ಅಂಗಡಿಯವನು. ಅಂಗಡಿ ಮುಂದೆ ಗುಂಡಿ ತೋಡಿದರೆ ವ್ಯಾಪಾರ ಮುಗಿದ ಹಾಗೆ ಅಂತ ಬೀದಿಯನ್ನೆಲ್ಲ ಎತ್ತಿ ಕಟ್ಟಿದ್ದ. ಅವನ ಗಂಟಲು ಎಂಥದ್ದೆಂದರೆ ಊರೆಲ್ಲ ಅವನನ್ನು ಗಂಟೆ ಅಂತಲೇ ಕರೆಯುತ್ತಿತ್ತು. ಕೆಮಿಸ್ಟ್ ಮೇಡಂಗೆ ಆತ ಒಡಹುಟ್ಟಿದ ಅಣ್ಣ. ಅಮ್ಮ ತೀರಿಕೊಂಡ ಮೇಲೆ ಮನೆ ಮಾರುವ ಕಾಗದಕ್ಕೆ ಅವಳು ಸಹಿ ಹಾಕಲಿಲ್ಲ. ಅಂದಿನಿಂದ ಅಣ್ಣತಂಗಿಯರ ನಡುವೆ ಮಾತಿಲ್ಲ, ಅತ್ತಿಗೆಯ ಫೋನೂ ಇಲ್ಲ.

ಸಭೆಯ ಹಿಂದಿನ ಸಂಜೆ ಕೊನೆಯ ಫಲಿತಾಂಶ ಬಂದಾಗ ಅವಳು ಟಿಪ್ಪಣಿಗೆ ಇನ್ನಷ್ಟು ಸಾಲು ಸೇರಿಸಿ ತನ್ನ ಪ್ರತಿಯನ್ನು ಮತ್ತೆ ಮುದ್ರಿಸಿಕೊಂಡಿದ್ದಳು. ಸಭೆಯ ದಿನ ಕಚೇರಿಯಿಂದ ಹೊರಡುವ ಮುಂಚೆ, ಕರೆಂಟು ಹೋದರೆ ಜನರ ಕೈಗೂ ಏನಾದರೂ ಇರಲಿ ಅಂತ ಅದೇ ಕಡತ ತೆರೆದು ಮುದ್ರಣಕ್ಕೆ ಕೊಟ್ಟಳು. ಪ್ರತಿಗಳ ಸಂಖ್ಯೆಯನ್ನು ಹೆಚ್ಚಿಸಿದಳು. ಮುದ್ರಣದ ಬಗೆಯನ್ನು ಬದಲಾಯಿಸಲು ಮರೆತಳು. ಅಲ್ಲಿ ಇನ್ನೂ "ಟಿಪ್ಪಣಿ ಸಮೇತ" ಅಂತಲೇ ಇತ್ತು. ಬಿಸಿಬಿಸಿಯಾಗಿ ಹೊರಬಿದ್ದ ಮೊದಲ ಹಾಳೆಯನ್ನು ಎತ್ತಿ ನೋಡಿದಳು. ಅದು ಶೀರ್ಷಿಕೆಯ ಸ್ಲೈಡು, ಅದಕ್ಕೆ ಅವಳು ಟಿಪ್ಪಣಿಯನ್ನೇ ಬರೆದಿರಲಿಲ್ಲ. ಕೆಳಗಿನ ಅರ್ಧ ಖಾಲಿ. ಜನ ಏನಾದರೂ ಗುರುತು ಹಾಕಿಕೊಳ್ಳಲು ಜಾಗವೂ ಆಯಿತು ಅಂತ ಸಮಾಧಾನಪಟ್ಟುಕೊಂಡು, ಉಳಿದದ್ದನ್ನು ತಿರುವಿ ನೋಡದೆ ಪಿನ್ ಹೊಡೆದು ಚೀಲಕ್ಕೆ ತುಂಬಿದಳು.

ಭವನ ಆಗಲೇ ತುಂಬಿತ್ತು. ಯಾರ ಮುಖದಲ್ಲೂ ನಗುವಿಲ್ಲ. ಬಾಗಿಲಲ್ಲಿ ಒಬ್ಬಾಕೆ ಇವಳ ಚೀಲ ನೋಡಿ, ಕಾಗದ ತಂದಿದ್ದಾರೆ, ನೀರು ತಂದಿಲ್ಲ ಅಂತ ಪಕ್ಕದವಳಿಗೆ ಕೇಳುವ ಹಾಗೆ ಹೇಳಿದಳು. ಗಂಟೆ ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ತಂಗಿ ವೇದಿಕೆ ಹತ್ತುವಾಗ ಗೋಡೆ ಗಡಿಯಾರದ ಕಡೆ ಮುಖ ತಿರುಗಿಸಿದ.

ಎರಡನೇ ಸ್ಲೈಡಿನಲ್ಲಿ "ಅಲ್ಪ ವ್ಯತ್ಯಾಸ" ಅಂತ ಅವಳು ಓದಿದ್ದೇ ತಡ, ಹಿಂದಿನಿಂದ ಕೂಗು ಎದ್ದಿತು. ಅಲ್ಪ ಅಂದರೆ ಎಷ್ಟು, ಒಂದು ಚಮಚವೋ ಒಂದು ಬಕೆಟ್ಟೋ ಅಂತ ಒಬ್ಬ ಕೇಳಿದ. ಸಭೆ ನಕ್ಕಿತು, ಒಳ್ಳೆಯ ನಗು ಅಲ್ಲ. ಅವಳು ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಫ್ಯಾನು ನಿಧಾನವಾಗುತ್ತ ನಿಂತಿತು, ಪರದೆ ಬರೀ ಬಿಳಿ ಬಟ್ಟೆಯಾಯಿತು, ಮೈಕು ಒಮ್ಮೆ ಗೊರ್ ಅಂದು ಸತ್ತಿತು. ಭವನದ ಕಾವಲುಗಾರ ಬಂದು, ಜನರೇಟರಿಗೆ ಡೀಸೆಲ್ ಹಾಕಿಸಿಲ್ಲ ಅಂತ ಸಾಹೇಬರ ಕಿವಿಯಲ್ಲಿ ಹೇಳಿ ಹೋದ.

"ನೋಡ್ರಪ್ಪಾ, ನೀರು ಕೇಳಿದ್ರೆ ಕತ್ತಲೆ ಕೊಡ್ತಾರೆ," ಅಂದ ಗಂಟೆ, ಕೂತಲ್ಲಿಂದಲೇ. ಮೈಕಿಲ್ಲದೆ ಆ ಮಾತು ಗೋಡೆಗೆ ಬಡಿದು ಬಂದಿತು.

ಸಾಹೇಬರು ಸಭೆ ಮುಂದೂಡೋಣ ಅಂತ ಅರ್ಧ ಎದ್ದರು. ಇವತ್ತು ಎದ್ದು ಹೋದ ಜನ ಮತ್ತೆ ಬರುವುದಿಲ್ಲ ಅಂತ ಅವಳಿಗೆ ತಿಳಿದಿತ್ತು. ಕಿಟಕಿಗಳನ್ನೆಲ್ಲ ತೆಗೆಸಿದಳು, ನಕ್ಷೆಯನ್ನು ಗೋಡೆಗೆ ಅಂಟಿಸಿದಳು, ಪ್ರತಿಗಳನ್ನು ಸಾಲು ಸಾಲಿಗೆ ದಾಟಿಸಿದಳು. ಎಲ್ಲವೂ ಮೊದಲೇ ಯೋಚಿಸಿಟ್ಟಿದ್ದ ಹಾಗೆಯೇ ನಡೆಯಿತು. ಎರಡನೇ ಹಾಳೆ ತಿರುಗಿಸಿ ಅಂತ ಗಂಟಲು ಏರಿಸಿ ಹೇಳಿದಳು. ಆದರೆ ಅವಳ ಗಂಟಲು ಮೂರನೇ ಸಾಲು ದಾಟಲಿಲ್ಲ, ಕೂಗಿನ ಮೇಲೆ ಕೂಗು ಬರುತ್ತಲೇ ಇತ್ತು.

ಗಂಟೆ ಎದ್ದು ನಿಂತ. ಕನ್ನಡಕ ಹಾಕಿಕೊಂಡು ಹಾಳೆಯನ್ನು ಮುಖದ ಹತ್ತಿರ ಹಿಡಿದ. ತುಟಿಯ ಮೂಲೆಯಲ್ಲಿ ನಗು ಮೂಡಿತು.

"ಕೇಳಿ ಇಲ್ಲಿ. ಮೇಡಂ ಅವರು ನಮಗೆ ಏನು ಬರ್ಕೊಟ್ಟಿದ್ದಾರೆ ನಾನೇ ಓದಿ ಹೇಳ್ತೀನಿ," ಅಂದ. "ಮೇಲೆ ಹೀಗಿದೆ: ಗುಣಮಟ್ಟದಲ್ಲಿ ಅಲ್ಪ ವ್ಯತ್ಯಾಸ. ಕೆಳಗೆ ಹೀಗಿದೆ: ಇದು ಸುಳ್ಳು. ವ್ಯತ್ಯಾಸ ಅಲ್ಪ ಅಲ್ಲ. ಸಾಹೇಬರು ಎದುರಿಗಿರುತ್ತಾರೆ, ಬೇಗ ಓದಿ ಮುಂದಕ್ಕೆ ಹೋಗು."

ಅವಳು ತನ್ನ ಕೈಯ ಹಾಳೆ ನೋಡಿಕೊಂಡಳು, ಕೆಳಗೆ ಕೂತವರ ಕೈಯ ಹಾಳೆ ನೋಡಿದಳು. ಎರಡೂ ಒಂದೇ. ಸಾಹೇಬರ ಮುಖ ಕಪ್ಪಿಟ್ಟಿತ್ತು. ಅದು ನನ್ನ ಸ್ವಂತದ್ದು, ಅದನ್ನು ಓದಬೇಡಿ ಅಂತ ಅವಳು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

ಗಂಟೆಗೆ ಹಬ್ಬ. ಮೂರನೇ ಹಾಳೆ ತಿರುಗಿಸಿದ. "ಅಧ್ಯಕ್ಷ ಎದ್ದು ಕಿರುಚಿದರೆ ನೀರು ಕುಡಿ, ಜಗಳಕ್ಕೆ ಇಳಿಯಬೇಡ," ಅಂತ ಓದಿ, ಎಲ್ಲಿ, ಕುಡೀಲಿಲ್ಲವಲ್ಲ ಮೇಡಂ ಅಂತ ಕೆಣಕಿದ. ಜನ ಹೊಟ್ಟೆ ಹಿಡಿದು ನಕ್ಕರು. ಆದರೆ ಅದೇ ಉಸಿರಿನಲ್ಲಿ ಅವನು ಮುಂದಿನ ಸಾಲುಗಳನ್ನೂ ಓದಿಬಿಟ್ಟಿದ್ದ: ನೀರು ನಿಂತಾಗ ಕೊಳವೆ ಚರಂಡಿಯನ್ನು ಹೀರುತ್ತದೆ, ಕಣ್ಣಿಗೆ ತಿಳಿಯಾಗಿ ಕಂಡರೂ ನಂಬಬಾರದು, ಈ ನೀರನ್ನು ಕುದಿಸದೆ ನಾನು ನನ್ನ ಮಕ್ಕಳಿಗೆ ಕೊಡಲಾರೆ. ಕೊನೆಯ ಸಾಲಿನ ತನಕ ಪ್ರತಿ ಅಕ್ಷರವೂ ಕೇಳಿಸಿತು. ಭವನದಲ್ಲಿ ನಗು ತಾನಾಗಿ ಇಳಿಯಿತು. ಹಾಳೆಗಳು ಪರಪರ ತಿರುಗುವ ಸದ್ದು ಮಾತ್ರ.

ಗಂಟೆಗೆ ಓದುವ ರಭಸದಲ್ಲಿ ಅದು ಗೊತ್ತಾಗಲಿಲ್ಲ. ನಾಲ್ಕನೆಯದಕ್ಕೆ ಬಂದ.

"ಕೊನೆಯ ಮನೆಯ ಮಾದರಿ ಎಲ್ಲಕ್ಕಿಂತ ಕೆಟ್ಟದ್ದು. ಯಾರ ಮನೆ ಅಂತ ಹೇಳಬೇಡ, ಮರ್ಯಾದೆಯ ಪ್ರಶ್ನೆ. ಫಲಿತಾಂಶ ಬಂದಾಗಿನಿಂದ ಎಷ್ಟು ಸಲ ಮಾಡಿದರೂ ಅತ್ತಿಗೆ ಫೋನ್ ತೆಗೆಯುತ್ತಿಲ್ಲ. ಸಭೆ ಮುಗಿದ ತಕ್ಷಣ ಮನೆಗೇ ಹೋಗು. ಬಾಗಿಲು ತೆಗೆಯದಿದ್ದರೆ ಹೊರಗೆ ನಿಂತೇ ಕೂಗಿ ಹೇಳು, ಅಣ್ಣ ಬಯ್ದರೂ ಸರಿ. ಬಾಣಂತಿ ಮತ್ತು ಕೂಸು..."

ಆ ಗಂಟಲು ನಿಂತಿತು. ಅವನ ಮಗಳು ಹೆರಿಗೆಗೆ ಬಂದು ಮನೆಯಲ್ಲಿದ್ದಾಳೆ ಅಂತ ಬೀದಿಗೆಲ್ಲ ಗೊತ್ತು. ಕೊನೆಯ ಮನೆ ಯಾರದ್ದು ಅಂತಲೂ ಗೊತ್ತು.

ಎರಡನೇ ಸಾಲಿನಲ್ಲಿದ್ದ ಟೈಲರ್ ಮುದುಕ ತನ್ನ ಹಾಳೆ ನೋಡಿ ಉಳಿದ ಅರ್ಧ ವಾಕ್ಯವನ್ನು ಮೆಲ್ಲಗೆ ಓದಿ ಮುಗಿಸಿದ, ಯಾರೋ ನಿಲ್ಲಿಸಿದ ಕೆಲಸ ಮುಗಿಸುವ ಹಾಗೆ: "ಬಾಣಂತಿ ಮತ್ತು ಕೂಸು ಇರುವ ಮನೆ. ಒಂದು ತೊಟ್ಟೂ ಕುದಿಸದೆ ಕೊಡಬಾರದು."

ಗಂಟೆ ಕನ್ನಡಕ ತೆಗೆದ. ಅಷ್ಟು ಹೊತ್ತಿಗೆ ಮೊದಲ ಸಲ ತಂಗಿಯ ಮುಖ ನೋಡಿದ. ಆ ನೋಟದಲ್ಲಿ ಕರುಣೆಯೇನೂ ಇರಲಿಲ್ಲ.

"ಇದು ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೆ ಸಂಜೆ. ಆಗಿನಿಂದ ಫೋನ್ ಮಾಡ್ತಾನೇ ಇದ್ದೀನಿ."

"ತೆಗೀಬೇಡ ಅಂದಿದ್ದು ನಾನೇ." ಹಾಳೆಯನ್ನು ಅವಳ ಕಡೆ ಚಾಚಿದ. "ಬಾಗಿಲಿಗೆ ಬರಬಹುದಿತ್ತಲ್ಲ. ಈ ಸಭೆ ತನಕ ಕಾಯ್ಬೇಕಿತ್ತಾ? ಕಾಗದದ ಕೆಳಗೆ ಬರ್ಕೊಂಡು ಇಟ್ಕೊಳ್ಳೋ ಮಾತಾ ಇದು?"

ಸಾಹೇಬರು ಬಾಯಿ ಹಾಕಿ, ಅದೆಲ್ಲ ಕಚೇರಿಯ ಅಧಿಕೃತ ಅಭಿಪ್ರಾಯ ಅಲ್ಲ, ವೈಯಕ್ತಿಕ ಟಿಪ್ಪಣಿ, ಎಲ್ಲರೂ ಪ್ರತಿ ವಾಪಸು ಕೊಡಿ ಅಂದರು. ಯಾರೂ ಕೊಡಲಿಲ್ಲ. ಬಾಗಿಲಲ್ಲಿ ಕೊಂಕು ಆಡಿದ್ದ ಹೆಂಗಸು ತನ್ನ ಪ್ರತಿಯನ್ನು ಮಡಚಿ ಬ್ಲೌಸಿನೊಳಗೆ ಸಿಕ್ಕಿಸಿಕೊಂಡಳು.

"ಎಷ್ಟು ಹೊತ್ತು ಕುದಿಸ್ಬೇಕು?" ಅಂತ ಕೇಳಿದ ಗಂಟೆ, ಅದೇ ಗಡಸು ದನಿಯಲ್ಲಿ.

"ಕೊತಕೊತ ಅಂತ ಕುದಿಯೋಕೆ ಶುರುವಾದ್ಮೇಲೆ ಒಂದು ನಿಮಿಷ ಹಾಗೇ ಬಿಡು. ಅದೇ ಪಾತ್ರೇಲಿ ಮುಚ್ಚಿಟ್ಟು ಆರಿಸು. ಕೂಸಿನ ಬಾಟ್ಲಿ ತೊಳೆಯೋಕೂ ಅದೇ ನೀರು."

ಅವನು ಜನರ ಕಡೆ ತಿರುಗಿ ಅದನ್ನೇ ಮತ್ತೊಮ್ಮೆ ಹೇಳಿದ, ಕೊನೆಯ ಸಾಲಿನ ಕಿವುಡರಿಗೂ ಕೇಳುವ ಹಾಗೆ. ಆಮೇಲೆ ಗೋಡೆಯ ನಕ್ಷೆಯ ಹತ್ತಿರ ಹೋಗಿ, ತುಂಡು ಗೆರೆಯ ಮೇಲೆ ಬೆರಳಿಟ್ಟು, ಅಗೆಯುವುದಿದ್ದರೆ ಈ ತುದಿಯಿಂದ ಅಗೆಯಿರಿ, ನನ್ನ ಅಂಗಡಿ ಮುಂದಿನಿಂದಲೇ ಶುರುವಾಗಲಿ, ಆಮೇಲೆ ಯಾರೂ ನನ್ನ ಹೆಸರು ಹೇಳಿ ಅಡ್ಡ ನಿಲ್ಲಬೇಡಿ ಅಂದ. ಎದುರು ಮಾತು ಬರಲಿಲ್ಲ.

ಸಾಹೇಬರು ಅವಳ ಪಕ್ಕಕ್ಕೆ ಬಂದು, ನಾಳೆ ಬೆಳಿಗ್ಗೆ ಲಿಖಿತ ವಿವರಣೆ ತಂದುಕೊಡಿ ಅಂತ ಹಲ್ಲು ಕಡಿದು ಹೇಳಿದರು. ಅವಳು ತಲೆಯಾಡಿಸಿದಳು. ವಿವರಣೆ ಆಗಲೇ ಮುದ್ರಣವಾಗಿ ಭವನದ ತುಂಬ ಹಂಚಿಕೆಯಾಗಿತ್ತು.

ಗಂಟೆ ಬಾಗಿಲ ತನಕ ಹೋಗಿ ನಿಂತು, ಹಿಂದೆ ನೋಡದೆ ಕೈ ಚಾಚಿದ. "ಮಿಕ್ಕಿದ ಪ್ರತಿ ಕೊಡು. ಬರದೇ ಇರೋ ಮನೆಗಳಿವೆ." ಅವಳು ಕಟ್ಟನ್ನು ಅವನ ಕೈಗಿಟ್ಟಳು. "ಅಮ್ಮನ ಮನೆ ವಿಷಯ ಹಾಗೇ ಇದೆ, ಮರೀಬೇಡ," ಅಂದ.

"ಮರ್ತಿಲ್ಲ," ಅಂದಳು ಅವಳು.

ಅವನು ಮೆಟ್ಟಿಲು ಇಳಿಯುತ್ತಿದ್ದಾಗಲೇ ಹೆಂಡತಿಗೆ ಫೋನ್ ಮಾಡಿ, ಒಲೆ ಹಚ್ಚು ಅಂತ ಕೂಗುತ್ತಿದ್ದದ್ದು ಒಳಗಿನ ತನಕ ಕೇಳಿಸಿತು. ಅಷ್ಟರಲ್ಲಿ ಕರೆಂಟು ಬಂದಿತು. ಫ್ಯಾನು ತಿರುಗಿತು, ಪ್ರೊಜೆಕ್ಟರ್ ನಿಧಾನವಾಗಿ ಕಣ್ಣು ಬಿಟ್ಟು ಪರದೆಯ ಮೇಲೆ "ಗುಣಮಟ್ಟದಲ್ಲಿ ಅಲ್ಪ ವ್ಯತ್ಯಾಸ" ಅಂತ ತೋರಿಸಿತು. ಹಾಳೆ ಓದುತ್ತಿದ್ದ ಟೈಲರ್ ಮುದುಕನ ಕಣ್ಣಿಗೆ ಆ ಬೆಳಕು ಚುಚ್ಚಿತು. ಅದನ್ನ ಆರಿಸ್ರಮ್ಮ, ಓದೋಕೆ ಆಗ್ತಿಲ್ಲ ಅಂದ. ಅವಳು ಹೋಗಿ ಆರಿಸಿದಳು.